ಮಂಗಳವಾರ ಸಂಜೆ ನಿಲ್ಲಿಸಿದ ಕ್ಯಾಂಪೇನ್

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆಗೆ ಬಂದ ಇವರದು ಆನ್‌ಲೈನ್ ಮಾರಾಟ, ಆ್ಯಡ್‌ಗಳನ್ನು ತಾವೇ ನೋಡಿಕೊಳ್ಳುತ್ತಾರೆ. ಬಂದು ಕೂತ ತಕ್ಷಣ ಹೇಳಿದ್ದು: "ಮೇಡಂ, ಕ್ಯಾಂಪೇನ್ ಆನ್ ಇದ್ದರೆ ನಿದ್ದೆ ಬರಲ್ಲ, ಆಫ್ ಮಾಡಿದರೆ ಆರ್ಡರ್ ಬರಲ್ಲ."

ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಒಂದು ಆರ್ಡರ್ ತರೋಕೆ ಆ್ಯಡ್‌ಗೆ ಎಷ್ಟು ಖರ್ಚಾದರೆ ನಿಮಗೆ ಸರಿ? ಉತ್ತರ ಇರಲಿಲ್ಲ. "ಆದಷ್ಟು ಕಮ್ಮಿ" ಅಂದರು. ಇದಿಲ್ಲದೆ ನಿಲ್ಲಿಸುವ ನಿಯಮವೇ ಹುಟ್ಟುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಕೂತೆವು. ಸುಲಭಕ್ಕೆ, ಸರಕಿನ ಬೆಲೆ, ಸಾಗಣೆ, ವಾಪಸಾತಿ ಎಲ್ಲ ಕಳೆದು ಒಂದು ಆರ್ಡರ್‌ನಲ್ಲಿ 100 ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. ಆ್ಯಡ್‌ಗೆ 100 ಹೋದರೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಅದು ಮೇಲಿನ ಗೆರೆ. ಇವರು 40 ಉಳಿಸಿಕೊಳ್ಳಬೇಕು ಅಂದರು, ಹಾಗಾಗಿ ಗುರಿ 60.

ಈಗ ಇವರು ಹೆದರಿ ಕ್ಯಾಂಪೇನ್ ನಿಲ್ಲಿಸಿದ ಒಂದು ಮಂಗಳವಾರ ನೋಡೋಣ. ದಿನದ ಬಜೆಟ್ 240, ಅಂದರೆ ಗುರಿ ಪ್ರಕಾರ ನಾಲ್ಕು ಆರ್ಡರ್. ಸಂಜೆವರೆಗೆ ಬಂದಿದ್ದು ಒಂದು. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಆರ್ಡರ್‌ಗೆ 240 ಅಂತ ಕಂಡಿದ್ದೇ ತಡ, ಕ್ಯಾಂಪೇನ್ ನಿಲ್ಲಿಸಿಬಿಟ್ಟರು. ಗುರುವಾರದ ಹೊತ್ತಿಗೆ ಮಂಗಳವಾರ ಕ್ಲಿಕ್ ಮಾಡಿದವರಿಂದ ಇನ್ನೆರಡು ಆರ್ಡರ್ ಬಂದವು. ಅವು ಕ್ಲಿಕ್ ಆದ ದಿನದ ಲೆಕ್ಕಕ್ಕೇ ಸೇರುತ್ತವೆ. ಮಂಗಳವಾರದ ಖರ್ಚು ಆರ್ಡರ್‌ಗೆ 80ಕ್ಕೆ ಇಳಿಯಿತು. ಅದನ್ನು ಇವರು ನೋಡಲೇ ಇಲ್ಲ, ಯಾಕಂದರೆ ನಿಲ್ಲಿಸಿದ ಕ್ಯಾಂಪೇನನ್ನು ಯಾರೂ ತೆರೆದು ನೋಡಲ್ಲ, ಅಲ್ವಾ?

ತಡವಾಗಿ ಬರುವ ಆರ್ಡರ್ ಪಕ್ಕಕ್ಕಿಡಿ, ಬರೀ ಅದೃಷ್ಟದ ಏರಿಳಿತವೇ ಸಾಕು. ದಿನಕ್ಕೆ ಸರಾಸರಿ ನಾಲ್ಕು ಆರ್ಡರ್ ತರುವ, ಯಾವ ತೊಂದರೆಯೂ ಇಲ್ಲದ ಕ್ಯಾಂಪೇನ್ ಕೂಡ ಹೆಚ್ಚುಕಡಿಮೆ ನಾಲ್ಕು ದಿನಕ್ಕೊಮ್ಮೆ ಎರಡು ಅಥವಾ ಅದಕ್ಕಿಂತ ಕಮ್ಮಿ ತರುತ್ತದೆ. ಅಂದರೆ ನಾಲ್ಕರಲ್ಲಿ ಒಂದು ದಿನ ಆರ್ಡರ್‌ಗೆ ಖರ್ಚು ಗುರಿಯ ಎರಡು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಕಾಣುವುದು ಮಾಮೂಲು. ಇದನ್ನು ಹೇಳಿದಾಗ ಇವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ "ಹಾಗಾದರೆ ಯಾವತ್ತೂ ನಿಲ್ಲಿಸೋದೇ ಬೇಡ್ವಾ?" ಅಂದರು.

ಬೇಕು. ಆದರೆ ದಿನ ನೋಡಿ ಅಲ್ಲ, ಖರ್ಚು ನೋಡಿ.

ಹೊಸ ಕ್ಯಾಂಪೇನ್‌ಗೆ ಗುರಿಯ ಮೂರು ಪಟ್ಟು, ಅಂದರೆ 180 ಖರ್ಚಾಗಿ ಒಂದೂ ಆರ್ಡರ್ ಇಲ್ಲದಿದ್ದರೆ ನಿಲ್ಲಿಸಿ. ಮೂರೇ ಯಾಕೆ? ಗುರಿಯ ಮಟ್ಟದಲ್ಲೇ ಓಡುವ ಒಳ್ಳೆ ಕ್ಯಾಂಪೇನ್‌ಗೂ 60 ಖರ್ಚಾಗುವಷ್ಟರಲ್ಲಿ ಏನೂ ಬರದಿರುವ ಸಾಧ್ಯತೆ ಸುಮಾರು ಶೇ 37. 120ಕ್ಕೆ ಅದು ಶೇ 14, 180ಕ್ಕೆ ಶೇ 5. ಅಷ್ಟು ತಪ್ಪು ಒಪ್ಪಿಕೊಳ್ಳಬಹುದು, ಇನ್ನೂ ಕಾಯುವುದು ದುಬಾರಿ.

ಆರ್ಡರ್ ಬರುತ್ತಿರುವ ಕ್ಯಾಂಪೇನ್‌ಗೆ ನಿಯಮ ಬೇರೆ. ಕಡಿಮೆಯೆಂದರೆ ಗುರಿಯ ಹತ್ತು ಪಟ್ಟು ಖರ್ಚಾಗುವ ತನಕ ತೀರ್ಪು ಬೇಡ. ಕೊನೆಯ ಮೂರು ದಿನ ಬಿಟ್ಟು ಅದರ ಹಿಂದಿನ ಏಳು ದಿನದ ಒಟ್ಟು ಖರ್ಚಿನಿಂದ ಒಂದು ಆರ್ಡರ್‌ಗೆ ಸರಾಸರಿ ಎಷ್ಟಾಯಿತು ಅಂತ ತೆಗೆಯಿರಿ. 60ರೊಳಗಿದ್ದರೆ ಮುಟ್ಟಬೇಡಿ. 60ರಿಂದ 100ರ ಮಧ್ಯೆ ಇದ್ದರೆ ಬಜೆಟ್ ಐದರಲ್ಲಿ ಒಂದು ಭಾಗ ಇಳಿಸಿ ಇನ್ನೊಂದು ವಾರ ಬಿಡಿ. 100 ದಾಟಿದರೆ ನಿಲ್ಲಿಸಿ. ಮೂರು ದಿನ ಅಂದದ್ದು ಇವರ ಗಿರಾಕಿಗಳು ಕೊಳ್ಳೋಕೆ ಅಷ್ಟು ತಗೊಳ್ತಾರೆ ಅಂತ. ನಿಮ್ಮವರು ಎರಡು ವಾರ ಯೋಚಿಸುವವರಾದರೆ ಅಷ್ಟೂ ದಿನ ಬಿಡಬೇಕು.

ಸುಮ್ನೆ ನಿಲ್ಲಿಸಿ ಶುರು ಮಾಡುವುದಕ್ಕೂ ಬೆಲೆ ಇದೆ. ಮೆಟಾದಲ್ಲಿ ಏಳು ದಿನ ಅಥವಾ ಜಾಸ್ತಿ ನಿಲ್ಲಿಸಿ ಮತ್ತೆ ಆನ್ ಮಾಡಿದರೆ ಆ್ಯಡ್ ಯಾರಿಗೆ ತೋರಿಸಬೇಕೆಂದು ಅದು ಕಂಡುಕೊಳ್ಳುವ ಕಲಿಕೆಯ ಹಂತ ಮೊದಲಿಂದ ಶುರುವಾಗುತ್ತದೆ. ಇವರು ಹೆದರಿ ವಾರಗಟ್ಟಲೆ ಆಫ್ ಇಡುತ್ತಿದ್ದರು, ಆಮೇಲೆ "ಮೊದಲಿನ ಹಾಗೆ ಓಡ್ತಿಲ್ಲ" ಅನ್ನುತ್ತಿದ್ದರು.

ಅದೇ ದಿನ ನಿಲ್ಲಿಸಬೇಕಾದ ಸಂದರ್ಭವೂ ಇದೆ: ಲಿಂಕ್ ಸತ್ತಿದೆ, ಸರಕು ಖಾಲಿ, ಬೆಲೆ ತಪ್ಪಾಗಿ ಬಿದ್ದಿದೆ. ಗುರುತಿಸುವುದು ಹೇಗೆ? ಕ್ಲಿಕ್ ಎಂದಿನಷ್ಟೇ ಇದ್ದು ಎಲ್ಲ ಕ್ಯಾಂಪೇನ್‌ನಲ್ಲೂ ಒಟ್ಟಿಗೆ ಆರ್ಡರ್ ನಿಂತರೆ ಅನುಮಾನ ಪಡಿ. ಆಗ ಅಂಗಡಿಯ ಆರ್ಡರ್ ಪಟ್ಟಿ ತೆರೆಯಿರಿ. ಅಲ್ಲಿ ಆರ್ಡರ್ ಇದ್ದು ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲದಿದ್ದರೆ ಕೆಟ್ಟಿರುವುದು ಆರ್ಡರ್ ಎಣಿಸುವ ಟ್ರ್ಯಾಕಿಂಗ್ ಇರಬಹುದು, ಆ್ಯಡ್ ಅಲ್ಲ.

ಇವರ ಎರಡನೇ ಕ್ಯಾಂಪೇನ್ 180 ತಿಂದು ಏನೂ ತರಲಿಲ್ಲ. ನಿಲ್ಲಿಸಿ ಮೂರು ದಿನ ಕಾದೆವು, ಆಗಲೂ ಸೊನ್ನೆ. ಆ್ಯಡ್ ಕ್ಲಿಕ್ ಮಾಡಿದಾಗ ತೆರೆಯುವ ಪೇಜ್ ಒಂದನ್ನೇ ಬದಲಿಸಿ ಇನ್ನೊಂದು 180 ಕೊಟ್ಟೆವು, ಈ ಸಲವೂ ಗುರಿ ಮುಟ್ಟದಿದ್ದರೆ ಹತ್ತು ಪಟ್ಟಿನವರೆಗೆ ಕಾಯದೆ ಮುಗಿಸುವುದು ಅಂತ ಮೊದಲೇ ಬರೆದಿಟ್ಟು. ಒಂದು ಆರ್ಡರ್ ಬಂತು. "ಈಗ ಹಿಡಿತಾ ಇದೆ" ಅಂತ ಇವರಿಗೆ ಆಸೆ. ಒಟ್ಟು 360ಕ್ಕೆ ಆರು ಬರಬೇಕಿತ್ತು. ಬರೆದಿಟ್ಟ ಚೀಟಿ ತೋರಿಸಿದೆ, ಮುಗಿಸಿದರು. ಆ ಬಜೆಟನ್ನು ಮೊದಲನೆಯದಕ್ಕೆ ಒಂದೇ ಸಲ ಸುರಿಯಬೇಡಿ, ವಾರಕ್ಕೆ ಐದರಲ್ಲಿ ಒಂದು ಭಾಗದಷ್ಟು ಏರಿಸಿ ಅಂದಿದ್ದೇನೆ.