ಸದನದ ಮುಂದೆ ಇಡದ ನಿಯಮ ಬಿದ್ದುಹೋಗುತ್ತದೆಯೇ?

"ಸಂಪಾದಕರಿಗೆ ನಮಸ್ಕಾರ. ಆಡಳಿತ ಕಾನೂನು ಓದುವವರಿಗಾಗಿ ಪ್ರತ್ಯಾಯೋಜಿತ ಶಾಸನದ, ಅಂದರೆ ಶಾಸಕಾಂಗ ಕೊಟ್ಟ ಅಧಿಕಾರದಿಂದ ಸರ್ಕಾರ ಮಾಡುವ ನಿಯಮಗಳ, ನಿಯಂತ್ರಣ ಕುರಿತು ಲೇಖನ ಕಳಿಸಿದ್ದೇನೆ. ಶಾಸಕಾಂಗದ ಹಿಡಿತವೇ ದೊಡ್ಡದು ಎಂಬುದು ನನ್ನ ವಾದ. ನಿಯಮಗಳನ್ನು ಸದನದಲ್ಲಿ ಮಂಡಿಸಲೇಬೇಕು, ಮಂಡಿಸದಿದ್ದರೆ ಅವು ಅಸಿಂಧು. ಸದನ ನೋಡಿದ ಮೇಲೆ ನ್ಯಾಯಾಲಯ ಕೈಹಾಕುವಂತಿಲ್ಲ. ಪ್ರಕಟಣೆಗೆ ಯೋಗ್ಯವೇ? ತಪ್ಪಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ."

ನಿಮ್ಮ ಭಾಷೆ ತಿಳಿಯಾಗಿದೆ, ಸಂಸದೀಯ ಸಮಿತಿಯ ಭಾಗವನ್ನು ಶ್ರದ್ಧೆಯಿಂದ ಬರೆದಿದ್ದೀರಿ. ಆದರೆ ಎರಡನೆಯ ಪುಟ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ವಿದ್ಯಾರ್ಥಿಯೊಬ್ಬ ಅದನ್ನು ನಂಬಿ ಪರೀಕ್ಷೆಯಲ್ಲೋ ರಿಟ್ ಅರ್ಜಿಯಲ್ಲೋ ಬರೆದರೆ ಗತಿಯೇನು? ಹಾಗಾಗಿ ಆ ಪುಟದ ಮೂರು ವಾಕ್ಯಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲ ವಾಕ್ಯ: "ಸಂಸತ್ತು ಅನುಮೋದಿಸಿದ ಬಳಿಕ ನಿಯಮ ಜಾರಿಗೆ ಬರುತ್ತದೆ." ಯಾವ ಅಧಿನಿಯಮದಡಿ? ನೀವು ಒಂದು ಕಲಮನ್ನೂ ಹೆಸರಿಸಿಲ್ಲ. ನಮ್ಮ ಕೇಂದ್ರ ಅಧಿನಿಯಮಗಳ ಕೊನೆಯಲ್ಲಿ ಸಾಮಾನ್ಯವಾಗಿ ಕಾಣುವ ಕಲಂ ಹೇಳುವುದೇ ಬೇರೆ. ನಿಯಮ ಮಾಡಿದ ಮೇಲೆ, ಆದಷ್ಟು ಬೇಗ, ಅಧಿವೇಶನ ನಡೆಯುತ್ತಿರುವಾಗ ಅದನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು. 30 ದಿನ ಒಂದೇ ಅಧಿವೇಶನದಲ್ಲಿ ತುಂಬದಿದ್ದರೆ ಮುಂದಿನದಕ್ಕೂ ಮುಂದುವರಿಯುತ್ತದೆ. ಆ ಅವಧಿ ಮುಗಿದ ಅಧಿವೇಶನದ ನಂತರದ ಅಧಿವೇಶನ ಮುಗಿಯುವುದರೊಳಗೆ ಎರಡೂ ಸದನಗಳು ಒಪ್ಪಿ ನಿಯಮವನ್ನು ಬದಲಿಸಬಹುದು, ಇಲ್ಲವೇ ಬೇಡವೆನ್ನಬಹುದು. ಒಂದು ಸದನದ ಮಾತು ಸಾಲದು. ಆವರೆಗೆ ಆ ನಿಯಮದಡಿ ನಡೆದ ಯಾವುದಕ್ಕೂ ಇದರಿಂದ ಬಾಧೆಯಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳಿ. ಪರವಾನಗಿ ಶುಲ್ಕದ ನಿಯಮವೊಂದು ಮಾರ್ಚ್ 1ರಂದು ರಾಜ್ಯಪತ್ರದಲ್ಲಿ ಪ್ರಕಟವಾಗಿ ಅಂದೇ ಜಾರಿಗೆ ಬಂತು. ಸದನದ ಮುಂದೆ ಬಂದದ್ದು ಜುಲೈಯಲ್ಲಿ. 30 ದಿನ ಅದೇ ಅಧಿವೇಶನದಲ್ಲಿ ತುಂಬಿತು. ಡಿಸೆಂಬರಿನ ಅಧಿವೇಶನದಲ್ಲಿ ಎರಡೂ ಸದನಗಳು ಅದನ್ನು ತಳ್ಳಿಹಾಕಿದವು. ಆಗ ಡಿಸೆಂಬರಿನಿಂದ ಮುಂದಕ್ಕೆ ಮಾತ್ರ ನಿಯಮ ಇಲ್ಲವಾಗುತ್ತದೆ. ಮಾರ್ಚ್‌ನಿಂದ ವಸೂಲಾದ ಶುಲ್ಕವನ್ನು ಈ ಕಾರಣ ಮುಂದಿಟ್ಟು ವಾಪಸು ಕೇಳಲು ಬರುವುದಿಲ್ಲ. ಯಾರೂ ಗೊತ್ತುವಳಿ ತರದಿದ್ದರೆ ನಿಯಮ ತಾನಾಗಿ ಉಳಿಯುತ್ತದೆ. ಸದನ ಒಪ್ಪಿದರಷ್ಟೇ ಬದುಕುವ ನಿಯಮಗಳೂ ಇರಬಹುದು, ಆದರೆ ಹಾಗೆಂದು ಮೂಲ ಅಧಿನಿಯಮವೇ ಹೇಳಿರಬೇಕು.

ನಾನು ಕರಡು ತಿದ್ದುವುದನ್ನು ಕಲಿತದ್ದು ಹಿರಿಯರೊಬ್ಬರ ಕೈಕೆಳಗೆ. ತೀರ್ಪಿನ ಹೆಸರಿನ ಪಕ್ಕದಲ್ಲಿ ಸಂಬಂಧಿಸಿದ ಕಲಮಿನ ಪೂರ್ಣ ಪಠ್ಯ ಬರೆದಿರದಿದ್ದರೆ ಅವರು ಹಾಳೆಯನ್ನು ಓದದೆಯೇ ಹಿಂದಿರುಗಿಸುತ್ತಿದ್ದರು. ನಿಮ್ಮ ಎರಡನೆಯ ವಾಕ್ಯಕ್ಕೂ ಬೇಕಾದ ಮದ್ದು ಅದೇ.

ಆ ವಾಕ್ಯ ಹೀಗಿದೆ: "ಮಂಡನೆಯಾಗದ ನಿಯಮ ಅಸಿಂಧುವೆಂದು ನ್ಯಾಯಾಲಯಗಳು ಸಾರಿವೆ." 1979ರ ಅಟ್ಲಾಸ್ ಸೈಕಲ್ ತೀರ್ಪು ಹೇಳಿದ್ದು ಇದಕ್ಕೆ ತದ್ವಿರುದ್ಧ. ಉಕ್ಕು ನಿಯಂತ್ರಕರು ಗೊತ್ತುಮಾಡಿದ ಗರಿಷ್ಠ ಬೆಲೆಗಿಂತ ಹೆಚ್ಚು ಕೊಟ್ಟು ಕಬ್ಬಿಣದ ತಗಡು ಕೊಂಡರೆಂದು ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಬೆಲೆಯ ಅಧಿಸೂಚನೆಯನ್ನು ಸಂಸತ್ತಿನ ಮುಂದೆ ಇಟ್ಟಿಲ್ಲ, ಆದ್ದರಿಂದ ಅದು ಅಸಿಂಧು ಎಂಬುದು ಕಂಪನಿಯ ವಾದ. ಅಗತ್ಯ ವಸ್ತುಗಳ ಅಧಿನಿಯಮ, 1955ರ 3(6)ನೇ ಕಲಮಿನಲ್ಲಿ, ಆದೇಶವನ್ನು ಮಾಡಿದ ಮೇಲೆ ಆದಷ್ಟು ಬೇಗ ಎರಡೂ ಸದನಗಳ ಮುಂದೆ 'ಇಡತಕ್ಕದ್ದು' ಎಂದೇ ಇದೆ. ಆದರೂ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ.

ಏಕೆ ಎಂಬುದನ್ನು ನೀವು ವಿವರಿಸಬೇಕಿತ್ತು. 'ತಕ್ಕದ್ದು' ಎಂಬ ಒಂದು ಪದದಿಂದ ಕಲಂ ಆದೇಶಾತ್ಮಕವಾಗುವುದಿಲ್ಲ, ಅಂದರೆ ಪಾಲಿಸದಿದ್ದರೆ ಎಲ್ಲವೂ ಅಸಿಂಧು ಎನ್ನುವಂಥದ್ದಾಗುವುದಿಲ್ಲ. ಇಡದಿದ್ದರೆ ಏನಾಗುತ್ತದೆಂದು ಆ ಕಲಂ ಹೇಳಿಲ್ಲ. ಸದನ ಒಪ್ಪಬೇಕು ಅಥವಾ ತಿರಸ್ಕರಿಸಬಹುದು ಎಂಬ ಮಾತೂ ಅಲ್ಲಿಲ್ಲ. ಇಡುವುದು ಆದೇಶ ಮಾಡಿದ ನಂತರದ ಕೆಲಸ. ಅಷ್ಟರಲ್ಲಿ ಆದೇಶ ಹುಟ್ಟಿಯಾಗಿರುತ್ತದೆ. ಅಧಿಕಾರಿಯ ಲೋಪಕ್ಕಾಗಿ ಬೆಲೆ ನಿಯಂತ್ರಣವೇ ಕುಸಿದರೆ ತೊಂದರೆ ಜನರಿಗೆ. ಇವೆಲ್ಲ ಸೇರಿ ಆ ಕಲಂ ನಿರ್ದೇಶನಾತ್ಮಕ, ಅಂದರೆ ಪಾಲಿಸದಿದ್ದರೂ ಆದೇಶ ಬೀಳುವುದಿಲ್ಲ, ಎಂದಾಯಿತು. ತೀರ್ಪಿನ ಮಿತಿಯನ್ನೂ ಗಮನಿಸಿ. ಅದು ಬರಿದೇ 'ಇಡಬೇಕು' ಎನ್ನುವ ಕಲಮಿನ ಮೇಲಿನ ತೀರ್ಪು. ಸದನದ ಒಪ್ಪಿಗೆ ಸಿಕ್ಕರೆ ಮಾತ್ರ ಜಾರಿ ಎನ್ನುವ ಕಲಮಿಗೆ ಅದನ್ನು ಎತ್ತಿಡಲಾಗದು. ಅಲ್ಲಿ ಒಪ್ಪಿಗೆಯಿಲ್ಲದೆ ನಿಯಮ ಹುಟ್ಟುವುದೇ ಇಲ್ಲ.

ಹಾಗಾದರೆ ವಿಧಾನದ ಲೋಪಕ್ಕೆ ನಿಯಮ ಎಂದೂ ಬೀಳುವುದಿಲ್ಲವೇ? ಬೀಳುತ್ತದೆ. 1975ರ ಗೋವಿಂದಲಾಲ್ ಪ್ರಕರಣವನ್ನು ಅಟ್ಲಾಸ್ ಪಕ್ಕದಲ್ಲಿಟ್ಟು ಓದಿ. ಗುಜರಾತಿನ ಕೃಷಿ ಮಾರುಕಟ್ಟೆ ಕಾನೂನಿನಡಿ ಶುಂಠಿಯನ್ನು ನಿಯಂತ್ರಿತ ಸರಕುಗಳ ಪಟ್ಟಿಗೆ ಸೇರಿಸಿ ಅಧಿಸೂಚನೆ ಹೊರಡಿಸಿದ್ದರು. ಅದನ್ನು ಆ ಪ್ರದೇಶದಲ್ಲಿ ಓಡಾಡುವ ಪತ್ರಿಕೆಯಲ್ಲಿ ಗುಜರಾತಿಯಲ್ಲಿಯೂ ಪ್ರಕಟಿಸಬೇಕೆಂದು 6ನೇ ಕಲಂ ಹೇಳುತ್ತಿತ್ತು. ಪ್ರಕಟಿಸಿರಲಿಲ್ಲ. ಪರವಾನಗಿಯಿಲ್ಲದೆ ಶುಂಠಿ ಕೊಂಡ ವ್ಯಾಪಾರಿಯ ಮೇಲೆ ಮೊಕದ್ದಮೆಯಾಯಿತು, ಆದರೆ ಶಿಕ್ಷೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಪ್ರಕಟಣೆ ಇರುವುದು ನಿಯಮಕ್ಕೆ ತಲೆಬಾಗಬೇಕಾದವನಿಗೆ ತಿಳಿಸಲು. ಅದು ತಪ್ಪಿದರೆ ಅವನನ್ನು ಕತ್ತಲಲ್ಲಿಟ್ಟು ದಂಡಿಸಿದಂತೆ. ಸದನದ ಮುಂದೆ ಇಡುವುದು ಶಾಸಕರಿಗೆ ತಿಳಿಸಲು. ಎರಡೂ ಕಲಮುಗಳಲ್ಲಿ 'ತಕ್ಕದ್ದು' ಇದೆ, ಫಲ ಬೇರೆ. ವಿದ್ಯಾರ್ಥಿಗೆ ನಿಮ್ಮಿಂದ ಬೇಕಾದದ್ದು ಈ ವ್ಯತ್ಯಾಸ. ನೀವು ಪ್ರಕಟಣೆಯನ್ನೂ ಮಂಡನೆಯನ್ನೂ 'ವಿಧಾನಾತ್ಮಕ ನಿಯಂತ್ರಣ' ಎಂಬ ಒಂದೇ ಗೋಣಿಗೆ ತುಂಬಿದ್ದೀರಿ.

ಮೂರನೆಯ ವಾಕ್ಯ: "ಸದನದ ಮುಂದೆ ಬಂದುಹೋದ ನಿಯಮವನ್ನು ನ್ಯಾಯಾಲಯ ಪ್ರಶ್ನಿಸಲಾಗದು." 1972ರ ಹುಕಂ ಚಂದ್ ತೀರ್ಪು ಈ ಮಾತನ್ನು ನೇರವಾಗಿ ತಳ್ಳಿಹಾಕಿದೆ. ಸ್ಥಳಾಂತರಗೊಂಡವರ ಪರಿಹಾರ ಮತ್ತು ಪುನರ್ವಸತಿ ಅಧಿನಿಯಮ, 1954ರಡಿ ಕೇಂದ್ರ ಸರ್ಕಾರ ಒಂದು ನಿಯಮಕ್ಕೆ ವಿವರಣೆ ಸೇರಿಸಿ ಅದನ್ನು ಪೂರ್ವಾನ್ವಯವಾಗಿ ಜಾರಿಗೊಳಿಸಿತು. ನಿಯಮ ಮಾಡುವ ಅಧಿಕಾರ ಕೊಟ್ಟ 40ನೇ ಕಲಮಿನಲ್ಲಿ ಹಿಂದಿನ ದಿನಾಂಕದಿಂದ ಅನ್ವಯಿಸುವ ಅಧಿಕಾರ ಇರಲಿಲ್ಲ. ಮೂಲ ಕಲಮಿಗೆ ಹೊಂದದ ನಿಯಮಕ್ಕೆ ಸದನದ ಮುಂದೆ ಇಟ್ಟ ಮಾತ್ರಕ್ಕೆ ಸಿಂಧುತ್ವ ಬರದು ಎಂದಿತು ನ್ಯಾಯಾಲಯ. ಎರಡೂ ಸದನಗಳು ಸುಮ್ಮನಿದ್ದುದು ಅಧಿನಿಯಮದ ತಿದ್ದುಪಡಿಯಲ್ಲವಲ್ಲ!

ಹಾಗೆಂದು ನ್ಯಾಯಾಲಯದ ಕಣ್ಣಲ್ಲಿ ಮಂಡನೆಗೆ ಬೆಲೆಯೇ ಇಲ್ಲವೆಂದಲ್ಲ. ನಿಮ್ಮ ಮೂಲ ವಾದಕ್ಕೆ ಬಲ ಕೊಡುವ ತೀರ್ಪನ್ನೇ ನೀವು ಬಿಟ್ಟಿದ್ದೀರಿ: 1975ರ ಪಾಪಯ್ಯ ಪ್ರಕರಣ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ 22ನೇ ಕಲಂ ಸುಂಕದ ದರ ನಿಗದಿಯನ್ನು ಸರ್ಕಾರಕ್ಕೆ ಬಿಟ್ಟಿತ್ತು. ಇದು ಅತಿ ಪ್ರತ್ಯಾಯೋಜನೆ, ಅಂದರೆ ಶಾಸಕಾಂಗ ತನ್ನ ಕೆಲಸವನ್ನು ಮಿತಿಮೀರಿ ಸರ್ಕಾರಕ್ಕೆ ಒಪ್ಪಿಸಿದೆ, ಎಂಬ ಆಕ್ಷೇಪಕ್ಕೆ ನ್ಯಾಯಾಲಯ 71ನೇ ಕಲಮನ್ನು ತೋರಿಸಿತು. ನಿಯಮಗಳು ಶಾಸಕಾಂಗದ ಮುಂದೆ ಬರುತ್ತವೆ, ಅದು ಅವನ್ನು ರದ್ದುಮಾಡಬಹುದು, ಆದ್ದರಿಂದ ಹಿಡಿತ ಕೈಬಿಟ್ಟಿಲ್ಲ ಎಂದಿತು. ಅಂದರೆ ಮಂಡನೆಯ ಕಲಂ ಮೂಲ ಅಧಿನಿಯಮವನ್ನು ಉಳಿಸಲು ನೆರವಾಗುತ್ತದೆ. ಆದರೆ ಅಧಿಕಾರ ಮೀರಿದ ನಿಯಮವನ್ನು ಉಳಿಸುವುದಿಲ್ಲ. ನನಗೆ ಈ ತೀರ್ಪಿನ ಬಗ್ಗೆ ತಕರಾರಿದೆ. ರಾಶಿ ನಿಯಮಗಳಲ್ಲಿ ಎಷ್ಟನ್ನು ಶಾಸಕರು ತೆರೆದು ನೋಡುತ್ತಾರೆಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ನಿಮ್ಮ ಲೇಖನದಲ್ಲಿ ಬರಲಿ.

ಎರಡನೆಯ ಪುಟವನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ. ನಾಲ್ಕು ತೀರ್ಪುಗಳಿಗೂ ಸಂಬಂಧಿಸಿದ ಕಲಮಿನ ಪಠ್ಯವನ್ನು ಮೊದಲು ಕೊಟ್ಟು, ಆಮೇಲೆ ಆ ಕಲಂ ಯಾರಿಗಾಗಿ ಇದೆ ಎಂದು ಹೇಳಿ, ತೀರ್ಪಿಗೆ ಬನ್ನಿ. ಸಮಿತಿಯ ಭಾಗವನ್ನು ಮುಟ್ಟಬೇಡಿ. ಬಂದ ಕೂಡಲೇ ಓದುತ್ತೇನೆ.