ಸ್ಟ್ರಾಡಲ್, ಸ್ಟ್ರ್ಯಾಂಗಲ್: ಕೊಳ್ಳುವವರು ತೆರುವ ಬೆಲೆ

ಪ್ರಶ್ನೆ: ಬಜೆಟ್ ದಿನ ನಿಫ್ಟಿ ಯಾವ ಕಡೆ ಹೋದರೂ ಸ್ಟ್ರಾಡಲ್ ಕೊಂಡವರಿಗೆ ಲಾಭವೇ ಎಂದು ದಾವಣಗೆರೆಯ ಪಿ.ಜೆ. ಬಡಾವಣೆಯ ಬ್ರೋಕರ್ ಕಚೇರಿಯಲ್ಲಿ ಕೇಳಿದೆ. ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ಕಾಲ್ ಎಂದರೆ ಸ್ಟ್ರೈಕ್ ಎಂಬ ನಿಗದಿತ ಮಟ್ಟಕ್ಕಿಂತ ಸೂಚ್ಯಂಕ ಏರಿದರೆ ಹಣ ಕೊಡುವ ಆಪ್ಶನ್, ಪುಟ್ ಎಂದರೆ ಇಳಿದರೆ ಕೊಡುವಂಥದ್ದು; ಎರಡನ್ನೂ ಒಂದೇ ಸ್ಟ್ರೈಕ್‌ನಲ್ಲಿ ಕೊಂಡರೆ ಸ್ಟ್ರಾಡಲ್, ಬೇರೆ ಬೇರೆ ಸ್ಟ್ರೈಕ್‌ಗಳಲ್ಲಿ ಕೊಂಡರೆ ಸ್ಟ್ರ್ಯಾಂಗಲ್. ನಿಫ್ಟಿ 25,000ದಲ್ಲಿದ್ದು, ಅದೇ ಸ್ಟ್ರೈಕ್‌ನ ಕಾಲ್ 200 ರೂಪಾಯಿಗೂ ಪುಟ್ 180 ರೂಪಾಯಿಗೂ ಸಿಗುತ್ತವೆ ಎಂದುಕೊಂಡರೆ, ಕೊಂಡವರು ತೆತ್ತ 380 ರೂಪಾಯಿ ವಸೂಲಾಗಲು ಸೂಚ್ಯಂಕವು ವಾಯಿದೆ ಮುಗಿಯುವ ದಿನ 25,380ನ್ನು ದಾಟಿರಬೇಕು ಅಥವಾ 24,620ಕ್ಕಿಂತ ಕೆಳಗಿರಬೇಕು. 25,300ರ ಕಾಲ್ ಮತ್ತು 24,700ರ ಪುಟ್ ಸೇರಿದ ಸ್ಟ್ರ್ಯಾಂಗಲ್ 170 ರೂಪಾಯಿಗೇ ಸಿಕ್ಕರೂ, ಅದರ ಗಡಿಗಳು 25,470 ಮತ್ತು 24,530ಕ್ಕೆ ಸರಿಯುತ್ತವೆ. ಸೂಚ್ಯಂಕವು ಎರಡು ಸ್ಟ್ರೈಕ್‌ಗಳ ನಡುವೆಯೇ ಉಳಿದರೆ ಕೊಟ್ಟ ಹಣವೆಲ್ಲ ಹೋಗುತ್ತದೆ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ: ಬಜೆಟ್‌ಗೆ ಮುಂಚೆ ದೊಡ್ಡ ಏರಿಳಿತದ ನಿರೀಕ್ಷೆ ಪ್ರೀಮಿಯಂನಲ್ಲಿ, ಅಂದರೆ ಆಪ್ಶನ್‌ಗೆ ತೆರುವ ಬೆಲೆಯಲ್ಲಿ, ಸೇರಿಕೊಂಡಿರುತ್ತದೆ, ಭಾಷಣ ಮುಗಿದೊಡನೆ ಅದು ಕುಸಿಯುವುದರಿಂದ ನಿಫ್ಟಿ 200 ಅಂಶ ಚಲಿಸಿದರೂ ಕಾಲ್ ಮತ್ತು ಪುಟ್ ಎರಡರ ಒಟ್ಟು ಬೆಲೆ ಇಳಿಯಬಹುದು.