ಸಣ್ಣ ಕಂಪನಿ, ಎಲ್‌ಎಲ್‌ಪಿ ಮತ್ತು ಆಡಿಟ್: ವಿನಾಯಿತಿ ಯಾರಿಗೆ, ಎಷ್ಟು?

ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಇರುವುದು ನಾನು ಮತ್ತು ನನ್ನ ತಮ್ಮ ಇಬ್ಬರೇ. ವಹಿವಾಟು 18 ಲಕ್ಷ ದಾಟಿಲ್ಲ. ಸಣ್ಣ ಕಂಪನಿಗೆ ಆಡಿಟ್ ಬೇಡವಂತೆ, ಹೌದೇ? (ಚಿತ್ರದುರ್ಗ)

ಅಲ್ಲ. 2013ರ ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಕಂಪನಿ ಒಬ್ಬರದೇ ಆಗಿರಲಿ, ವರ್ಷದ ವಹಿವಾಟು ಸೊನ್ನೆಯೇ ಆಗಿರಲಿ, ಲೆಕ್ಕಪರಿಶೋಧನೆ ಕಡ್ಡಾಯ. ಸಣ್ಣ ಕಂಪನಿಗೆ ಸಿಕ್ಕಿರುವ ರಿಯಾಯಿತಿಗಳು ಬೇರೆ: ನಗದು ಹರಿವಿನ ಪಟ್ಟಿ ಬೇಕಿಲ್ಲ, ವರ್ಷಕ್ಕೆ ಎರಡು ಬೋರ್ಡ್ ಸಭೆ ಸಾಕು. ಆಡಿಟ್ ವಿನಾಯಿತಿ ಇರುವುದು ಬ್ರಿಟನ್ನಿನ ಸಣ್ಣ ಕಂಪನಿಗಳಿಗೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಆಡಿಟರನ್ನು ಬಿಡಿಸಿದವರ ಕಾಗದಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ನಾನು ಮತ್ತು ನನ್ನ ಭಾವಮೈದುನ ಸೇರಿ ಎಲ್‌ಎಲ್‌ಪಿ ಮಾಡಿ ಮಂಡಕ್ಕಿ ವ್ಯಾಪಾರ ನಡೆಸುತ್ತಿದ್ದೇವೆ. ಇಬ್ಬರದೂ ಸೇರಿ ಬಂಡವಾಳ 10 ಲಕ್ಷ, ವಹಿವಾಟು 36 ಲಕ್ಷ. ಭಟ್ಟಿ ನೋಡಿಕೊಳ್ಳುವವನು ನಾನು, ಅವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಕಾನೂನು ಬೇಡ ಎನ್ನುವ ಆಡಿಟ್‌ಗೆ ಸುಮ್ಮನೆ ದುಡ್ಡು ಸುರಿಯಬೇಕೇ? (ದಾವಣಗೆರೆ)

ನಿಮಗೆ ವಿನಾಯಿತಿ ಇದೆ, ಆದರೂ ಈ ವರ್ಷವೇ ಮಾಡಿಸಿ ಎನ್ನುತ್ತೇನೆ. ಎಲ್‌ಎಲ್‌ಪಿ ನಿಯಮದಲ್ಲಿ ವಹಿವಾಟಿಗೆ 40 ಲಕ್ಷ, ಪಾಲುದಾರರ ಬಂಡವಾಳಕ್ಕೆ 25 ಲಕ್ಷ ಎಂಬ ಎರಡು ಮಿತಿಗಳಿವೆ. ಎರಡರಲ್ಲಿ ಒಂದನ್ನು ಮಾತ್ರ ದಾಟಿದವರ ಬಗ್ಗೆ ವಾದವಿದೆ. ಆ ವಾದವನ್ನು ನಿಮ್ಮ ಖರ್ಚಿನಲ್ಲಿ ನಡೆಸಬೇಡಿ, ಒಂದು ದಾಟಿದರೂ ಮಾಡಿಸಿ. ನೀವು ಎರಡರ ಒಳಗೂ ಇದ್ದೀರಿ. ಆಡಿಟ್ ಇಲ್ಲದಿದ್ದರೆ, ಲೆಕ್ಕಪತ್ರಗಳ ಹೊಣೆ ನಮ್ಮದೇ ಎಂದು ಪಾಲುದಾರರು ಫಾರಂ 8ರಲ್ಲಿ ಘೋಷಿಸಬೇಕು. ಭಟ್ಟಿಯ ಕಡೆ ತಲೆಹಾಕದ ನಿಮ್ಮ ಭಾವಮೈದುನನ ಹೆಸರೂ ಆ ಹೊಣೆಯಲ್ಲಿ ಸೇರುತ್ತದೆ.

ನಿಮ್ಮಂಥ ವ್ಯಾಪಾರದಲ್ಲಿ ಲಾಭ ಏರುಪೇರಾಗುವುದು ಹೆಚ್ಚಾಗಿ ವರ್ಷಾಂತ್ಯದ ದಾಸ್ತಾನಿನಲ್ಲಿ. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಮಾರ್ಚ್ 31ಕ್ಕೆ 150 ಚೀಲ ಭತ್ತವಿದೆ ಎಂದು ಪುಸ್ತಕದಲ್ಲಿದೆ, ಚೀಲಕ್ಕೆ 2,000 ರೂಪಾಯಿಯಂತೆ 3 ಲಕ್ಷ; ಲಾಭ 4,20,000, ಸಮಪಾಲಾದರೆ ತಲಾ 2,10,000. ಗೋದಾಮಿಗೆ ಹೋಗಿ ಎಣಿಸಿದರೆ ಸಿಗುವುದು 110. ಉಳಿದ 40 ಚೀಲ ಆಗಲೇ ನೆನೆಹಾಕಿ, ಹುರಿದು, ಮಾರಿ ಆಗಿರಬಹುದು, ಅಥವಾ ದುಡ್ಡು ಕೊಟ್ಟಿದ್ದರೂ ಮಾಲು ಇನ್ನೂ ದಲಾಲರ ಬಳಿಯೇ ಇರಬಹುದು. ದಲಾಲರ ಬಳಿ ನಿಮ್ಮ ಹೆಸರಿನಲ್ಲೇ ಇದ್ದರೆ ಅದೂ ನಿಮ್ಮ ದಾಸ್ತಾನೇ, ಲಾಭ ಕಡಿಮೆಯಾಗದು. ಇಲ್ಲವೇ ಇಲ್ಲವಾದರೆ ದಾಸ್ತಾನಿನಿಂದ ಕಳೆದ 80,000 ನೇರವಾಗಿ ಲಾಭದಿಂದಲೇ ಕಳೆದು, ಒಬ್ಬೊಬ್ಬರ ಪಾಲು 1,70,000ಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಇದನ್ನು ನೀವೇ ಹೇಳಿದರೆ ಅನುಮಾನ ಹುಟ್ಟುತ್ತದೆ; ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು ಎಣಿಕೆಗೆ ನಿಂತು, ಅಂಗಡಿಗಳ ಬಾಕಿಯನ್ನು ಅವರಿಂದಲೇ ನೇರವಾಗಿ ಕಾಗದ ತರಿಸಿ ತಾಳೆ ನೋಡಿ ಹೇಳಿದರೆ ಮಾತು ಮುಗಿಯುತ್ತದೆ.

ಇನ್ನೊಂದು ಕಾರಣವನ್ನು ಯಾರೂ ನಿಮಗೆ ಹೇಳಿರಲಾರರು. 36 ಲಕ್ಷದ ವಹಿವಾಟು ಮುಂದಿನ ವರ್ಷ 40 ದಾಟುವುದು ಕಷ್ಟವೇನಲ್ಲ. ದಾಟಿದ ವರ್ಷ ಬರುವ ಆಡಿಟರ್ ಆ ವರ್ಷದ ಆರಂಭದ ದಾಸ್ತಾನನ್ನು ಕಣ್ಣಾರೆ ಕಂಡಿರುವುದಿಲ್ಲ, ಹಿಂದಿನ ವರ್ಷದ ಲೆಕ್ಕಕ್ಕೆ ಆಡಿಟ್ ಆಗಿರುವುದಿಲ್ಲ. ಬೇರೆ ಪುರಾವೆಯಿಂದ ತೃಪ್ತಿಯಾಗದಿದ್ದರೆ ತಮ್ಮ ವರದಿಯಲ್ಲಿ ಆ ಅಂಕಿಯ ಬಗ್ಗೆ ತಕರಾರು ಬರೆಯಲೇಬೇಕಾಗುತ್ತದೆ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಬೆರಳಿಡುವುದು ಆ ಸಾಲಿನ ಮೇಲೆಯೇ. ಒಂದು ವರ್ಷ ಮುಂಚೆ ಶುರುಮಾಡಿದರೆ ಈ ತೊಡಕಿಲ್ಲ.

ಆದ್ದರಿಂದ ಇಬ್ಬರೂ ಒಪ್ಪಿ ತೀರ್ಮಾನವನ್ನು ಬರವಣಿಗೆಯಲ್ಲಿಡಿ. ನೇಮಕವನ್ನು ವರ್ಷ ಮುಗಿಯಲು ಕನಿಷ್ಠ 30 ದಿನ ಇರುವಾಗಲೇ ಮಾಡಬೇಕು ಎನ್ನುತ್ತದೆ ನಿಯಮ, ಅಂದರೆ ಫೆಬ್ರುವರಿಯಲ್ಲೇ ಮುಗಿಸಿ. ಫಾರಂ 8ಕ್ಕೆ ಅಕ್ಟೋಬರ್ 30ರ ತನಕ ಸಮಯವಿದೆಯಲ್ಲ ಎಂದು ದಸರೆ ಕಳೆದ ಮೇಲೆ ಬರಬೇಡಿ. ಮಾರ್ಚ್‌ನಲ್ಲಿದ್ದ ಚೀಲಗಳನ್ನು ಅಕ್ಟೋಬರ್‌ನಲ್ಲಿ ಎಣಿಸಲು ನನ್ನಿಂದಾಗದು. ಒಮ್ಮೆ ಸ್ವಇಚ್ಛೆಯಿಂದ ಒಪ್ಪಿದ ಮೇಲೆ ನಿಯಮದ ಪ್ರಕಾರವೇ ಪೂರ್ತಿ ಆಡಿಟ್ ಆಗಬೇಕು, ಅರೆಬರೆ ಆಡಿಟ್ ಎಂಬುದಿಲ್ಲ.

ಗಂಡಹೆಂಡತಿ ಇಬ್ಬರೇ ಪಾಲುದಾರರಾಗಿ, ಇಬ್ಬರೂ ದಿನವಿಡೀ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂರುವವರಾಗಿ, ಸಾಲವಿಲ್ಲದೆ ಮಿತಿಗಿಂತ ಬಹಳ ಕೆಳಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು: ಆ ದುಡ್ಡಿಗೆ ಒಳ್ಳೆಯ ಗುಮಾಸ್ತರನ್ನು ಇಟ್ಟುಕೊಳ್ಳಿ.

ನಮ್ಮ ರಿಟರ್ನ್ ತುಂಬುವವರು ಕಡಿಮೆ ದುಡ್ಡಿಗೆ ಆಡಿಟ್ ರಿಪೋರ್ಟನ್ನೂ ಸೀಲು ಹಾಕಿ ಕೊಡುತ್ತಾರಂತೆ. ನಡೆಯುತ್ತದೆಯೇ? (ಹರಿಹರ)

ರಿಟರ್ನ್ ತುಂಬುವವರನ್ನೆಲ್ಲ ಆಡಿಟರ್ ಎಂದು ಕರೆಯುವ ನಮ್ಮೂರುಗಳ ರೂಢಿಯೇ ಇಂಥವರಿಗೆ ಬಂಡವಾಳ. ಈ ವರದಿಗೆ ಸಹಿ ಹಾಕುವ ಅಧಿಕಾರವಿರುವುದು ವೃತ್ತಿಯಲ್ಲಿರುವ ಚಾರ್ಟರ್ಡ್ ಅಕೌಂಟೆಂಟರಿಗೆ ಮಾತ್ರ. ವರದಿಯ ಮೇಲೆ 18 ಅಂಕಿ-ಅಕ್ಷರಗಳ ಯುಡಿಐಎನ್ ಇರಬೇಕು, udin.icai.org ನಲ್ಲಿ ಅದನ್ನು ನೀವೇ ಹಾಕಿ ನೋಡಿ, ಅಲ್ಲಿ ತೋರದಿದ್ದರೆ ವರದಿಯನ್ನು ವಾಪಸು ಕೊಟ್ಟು ದುಡ್ಡು ಕೇಳಿ.

ಜಿಎಸ್‌ಟಿ ಆಡಿಟ್ ತೆಗೆದಿದ್ದಾರಲ್ಲ, ಹಾಗಾದರೆ ಕಂಪನಿ ಆಡಿಟ್ಟೂ ಹೋದಂತೆಯೇ? (ಚಳ್ಳಕೆರೆ)

2020-21ರಿಂದ ತೆಗೆದದ್ದು ಜಿಎಸ್‌ಟಿ ಕಾನೂನಿನ ಆಡಿಟ್, ಕಂಪನಿ ಕಾಯ್ದೆಯದ್ದಲ್ಲ.